15 ದಿನದ ಉದ್ರಿ 45 ದಿನವಾದದ್ದು

ನಮ್ಮದು ಗದಗಿನಲ್ಲಿ ಖಡಕ್ ರೊಟ್ಟಿ ಮಾಡುವ ಸಣ್ಣ ಘಟಕ. ಜೋಳದ ರೊಟ್ಟಿ ತಟ್ಟಿ, ಬೇಯಿಸಿ, ಒಣಗಿಸಿ ಬೆಂಗಳೂರು ಮತ್ತು ಪುಣೆಯ ಅಂಗಡಿಗಳಿಗೆ ಕಳಿಸುತ್ತೇವೆ. ಈ ವ್ಯಾಪಾರದಲ್ಲಿ ಜೋಳ ಎಷ್ಟು ಮುಖ್ಯವೋ ರಟ್ಟಿನ ಡಬ್ಬಿಯೂ ಅಷ್ಟೇ ಮುಖ್ಯ. ಖಡಕ್ ರೊಟ್ಟಿ ಹಪ್ಪಳದಷ್ಟೇ ನಾಜೂಕು. ಲಾರಿಯಲ್ಲಿ ಡಬ್ಬಿಯ ಮೂಲೆ ಒಂದು ಸ್ವಲ್ಪ ಕುಸಿದರೂ ಒಳಗಿನ 60 ರೊಟ್ಟಿಯಲ್ಲಿ ಅರ್ಧ ಚೂರಾಗಿರುತ್ತದೆ. ಹಾಗಾಗಿ ಐದು ಪದರದ ಗಟ್ಟಿ ಡಬ್ಬಿಯೇ ಬೇಕು. ಅದನ್ನು ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಿಂದ ತರಿಸುತ್ತೇವೆ. ತಿಂಗಳಿಗೆ ಸುಮಾರು 2000 ಡಬ್ಬಿ, ಜಿಎಸ್‌ಟಿ ಎಲ್ಲಾ ಸೇರಿ 2024ರಲ್ಲಿ ಒಂದಕ್ಕೆ 30 ರೂಪಾಯಿ ಇತ್ತು. ಅಂದರೆ ತಿಂಗಳಿಗೆ 60 ಸಾವಿರ. ಒಂದನೇ ತಾರೀಕಿಗೆ ಒಂದು ಲೋಡು, ಹದಿನಾರಕ್ಕೆ ಇನ್ನೊಂದು. ಮಾಲು ಬಂದ 15 ದಿನದೊಳಗೆ ದುಡ್ಡು ಕೊಡಬೇಕು ಅಂತ ಶುರುವಿನಲ್ಲೇ ಮಾತಾಗಿತ್ತು.

2024ರ ಡಿಸೆಂಬರ್‌ನಲ್ಲಿ ಈ ವಾಯಿದೆಯನ್ನು 45 ದಿನಕ್ಕೆ ಏರಿಸಿ ಅಂತ ನಾನು ಡಬ್ಬಿ ಕಾರ್ಖಾನೆಯ ಮಾಲೀಕರಿಗೆ ಒಂದು ಪತ್ರ ಬರೆದೆ. ಆ ಹೊತ್ತಿಗೆ ಸರಿಯಾಗಿ ಒಂದು ವರ್ಷದ ವ್ಯವಹಾರ ಮುಗಿದಿತ್ತು.

ಯಾಕೆ ಬೇಕಾಯಿತು ಅಂದರೆ, ನಮ್ಮ ಹಣ ತಿರುಗುವ ದಾರಿ ಹಾಗಿದೆ. ಬೆಂಗಳೂರಿನ ಡಿಸ್ಟ್ರಿಬ್ಯೂಟರ್ ನಮಗೆ ದುಡ್ಡು ಹಾಕುವುದು ಸುಮಾರು 40 ದಿನಕ್ಕೆ. ರೊಟ್ಟಿ ತಟ್ಟುವ ಹೆಂಗಸರಿಗೆ ವಾರವಾರ ಕೂಲಿ ಕೊಡಲೇಬೇಕು, ಅದರಲ್ಲಿ ಹಿಂದೆ ಮುಂದೆ ನೋಡುವ ಪ್ರಶ್ನೆಯೇ ಇಲ್ಲ. ಜೋಳಕ್ಕಂತೂ ರೊಕ್ಕ ಎಣಿಸಿಯೇ ಚೀಲ ಎತ್ತಬೇಕು. ಹಿಂಗಾರಿ ಜೋಳ ರಾಶಿಯಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಒಳ್ಳೆಯ ಮಾಲ್ದಂಡಿ ಜೋಳ ಆಗ ಹಿಡಿದಿಟ್ಟರೆ ಮಳೆಗಾಲದಲ್ಲಿ ಕೊಳ್ಳುವುದಕ್ಕಿಂತ ಕ್ವಿಂಟಾಲಿಗೆ 300ರಿಂದ 400 ರೂಪಾಯಿ ಉಳಿದದ್ದನ್ನು ನಾವೇ ಕಂಡಿದ್ದೇವೆ. ಜೊತೆಗೆ ಒಂದೇ ರಾಶಿಯ ಜೋಳವಾದರೆ ಹಿಟ್ಟಿನ ಜಿಗುಟು ಬದಲಾಗುವುದಿಲ್ಲ, ರೊಟ್ಟಿ ಒಂದೇ ಸಮ ಬರುತ್ತದೆ. ಆದರೆ ಸುಗ್ಗಿಯ ಹೊತ್ತಿಗೆ ಕೈಯಲ್ಲಿ ಹಣ ಇರಬೇಕಲ್ಲ.

ಪತ್ರ ಬರೆಯುವ ಮೊದಲು ನಾನು ಕೂತು ಲೆಕ್ಕ ಹಾಕಿದ್ದು ನನಗೆಷ್ಟು ಲಾಭ ಅಂತಲ್ಲ, ಅವರಿಗೆ ಎಷ್ಟು ಭಾರ ಅಂತ. ಇದು ತುಂಬ ಜನ ಬಿಡುವ ಲೆಕ್ಕ. ವಾಯಿದೆ 30 ದಿನ ಜಾಸ್ತಿ ಆದರೆ ಒಂದು ತಿಂಗಳ ಬಿಲ್ಲಿನ ಹಣ, ಅಂದರೆ 60 ಸಾವಿರ, ಅವರ ಕೈಯಿಂದ ನನ್ನ ಕೈಗೆ ಬಂದು ಕೂರುತ್ತದೆ. ಪ್ರತಿ ತಿಂಗಳೂ ಹೊಸದಾಗಿ 60 ಸಾವಿರ ಬರುವುದಿಲ್ಲ. ಒಂದೇ ಸಲ ಬರುತ್ತದೆ, ಆಮೇಲೆ ಮೊದಲಿನ ಹಾಗೇ ತಿಂಗಳಿಗೆ 60 ಸಾವಿರ ಕೊಡುತ್ತಲೇ ಇರಬೇಕು. ಆದರೆ ಅವರ ಪಾಲಿಗೆ ಆ 60 ಸಾವಿರ ನಾನು ಗಿರಾಕಿಯಾಗಿರುವವರೆಗೂ ಸಿಕ್ಕಿಬಿದ್ದ ಹಣ. ಅವರು ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಸಾಲ ತೆಗೆದವರು. ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಅಂತ ಹಿಡಿದರೆ ತಿಂಗಳಿಗೆ 600 ರೂಪಾಯಿ. 2000 ಡಬ್ಬಿಗೆ ಹಂಚಿದರೆ ಡಬ್ಬಿಗೆ 30 ಪೈಸೆ. ಅಂದರೆ ನಾನು ವಾಯಿದೆ ಕೇಳುವುದೂ ಒಂದೇ, ಡಬ್ಬಿಯ ದರದಲ್ಲಿ ನೂರಕ್ಕೆ ಒಂದು ರೂಪಾಯಿ ಇಳಿಸಿ ಅಂತ ಕೇಳುವುದೂ ಒಂದೇ. ಆ 30 ಪೈಸೆಗೆ ಬದಲಾಗಿ ನಾನು ಏನು ಕೊಡಬಲ್ಲೆ? ಪತ್ರದಲ್ಲಿ ಇರಬೇಕಾದ್ದು ಅದೇ ಅನ್ನಿಸಿತು.

ಎಷ್ಟು ದಿನ ಕೇಳಬೇಕು ಅನ್ನುವುದಕ್ಕೆ ನಮ್ಮ ಆಡಿಟರನ್ನು ವಿಚಾರಿಸಿದೆ. ಮನೆಯಲ್ಲಿ ಎಲ್ಲರೂ 60 ದಿನ ಕೇಳು, 45ಕ್ಕೆ ಇಳಿಯುತ್ತಾರೆ ಅನ್ನುತ್ತಿದ್ದರು. ಆಡಿಟರ್ ಮೊದಲು ಕೇಳಿದ್ದು ಬೇರೆಯೇ: "ಅವರ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಐತೇನ್ರಿ ಮೇಡಂ?" ಇತ್ತು. ಉದ್ಯಮ್ ಅಂದರೆ ಸಣ್ಣ ಉದ್ಯಮಗಳು ಸರ್ಕಾರದಲ್ಲಿ ಮಾಡಿಸುವ ನೋಂದಣಿ. ಅದರ ಪ್ರಮಾಣಪತ್ರದ ಪ್ರತಿ ತರಿಸಿ ನೋಡಿದರು. ಸಣ್ಣ ಉದ್ಯಮ, ತಯಾರಿಕೆ ಅಂತ ಬರೆದಿತ್ತು. ಹಾಗಿದ್ದರೆ 45 ದಿನದ ಮೇಲೆ ಕೇಳುವ ಮಾತೇ ಬೇಡ ಅಂದರು.

2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು, ಇಬ್ಬರ ನಡುವೆ ಬರಹದ ಒಪ್ಪಂದ ಇದ್ದರೆ ಅದರಲ್ಲಿ ಹೇಳಿದ ದಿನದೊಳಗೆ ದುಡ್ಡು ಕೊಡಬೇಕು, ಆದರೆ ಆ ದಿನ 45 ದಾಟುವ ಹಾಗಿಲ್ಲ. ಬರಹ ಇಲ್ಲದಿದ್ದರೆ 15 ದಿನ ಮಾತ್ರ. ದಿನ ಎಣಿಸುವುದು ತಿಂಗಳ ಕೊನೆಯಿಂದಲ್ಲ, ಮಾಲು ಒಪ್ಪಿಕೊಂಡ ದಿನದಿಂದ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದರ ಮೇಲೆ ಆಗಿನ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮ ಬೇರೆ. 2023–24ರ ಲೆಕ್ಕದಿಂದ ಇದು ಜಾರಿಗೆ ಬಂದಿತ್ತು. ವಾಯಿದೆ ಮೀರಿ ಉಳಿಸಿಕೊಂಡ ಬಾಕಿಯನ್ನು ಆ ವರ್ಷದೊಳಗೆ ಕೊಡದಿದ್ದರೆ ಅದು ಆ ವರ್ಷದ ಖರ್ಚು ಅಂತ ಲೆಕ್ಕಕ್ಕೆ ಬರುವುದಿಲ್ಲ. ಕೊಟ್ಟ ವರ್ಷದಲ್ಲಿ ಮಾತ್ರ ಬರುತ್ತದೆ. ಅಂದರೆ 60 ದಿನ ಸಿಕ್ಕಿದರೂ ಮಾರ್ಚ್ 31ಕ್ಕೆ ಉಳಿದ ಹಳೇ ಬಾಕಿಯ ಮೇಲೆ ನಾನೇ ತೆರಿಗೆ ಕಟ್ಟಬೇಕಾಗುತ್ತದೆ. ಬರೀ ಕೊಂಡು ಮಾರುವ ವ್ಯಾಪಾರಿಯಿಂದ ಮಾಲು ತಂದಿದ್ದರೆ ಈ ಮಾತು ಬೇರೆ, ಅವರಿಗೆ ಈ ರಕ್ಷಣೆ ಇಲ್ಲ. ಅದಕ್ಕೇ ಪ್ರಮಾಣಪತ್ರ ನೋಡಿ ಮುಂದುವರಿಯಬೇಕು.

ಈ ಕಾಯ್ದೆಯ ಬಗ್ಗೆ ನನಗೆ ಬೇಜಾರಿಲ್ಲ. ನಾವೂ ಉದ್ಯಮ್‌ನಲ್ಲಿ ಹೆಸರು ಬರೆಸಿದ ಸೂಕ್ಷ್ಮ ಘಟಕವೇ. ಇದೇ ನಿಯಮದ ಬಲದಿಂದ ನಮ್ಮ ಡಿಸ್ಟ್ರಿಬ್ಯೂಟರ್ 40 ದಿನಕ್ಕೆ ಸರಿಯಾಗಿ ದುಡ್ಡು ಹಾಕುತ್ತಾರೆ. ನಮಗೆ ಬೇಕಾದ ನ್ಯಾಯ ಡಬ್ಬಿಯವರಿಗೆ ಬೇಡವಾ?

ಆಮೇಲೆ ಖಾತೆ ತಾಳೆ ನೋಡುವ ಕೆಲಸ. ಡಬ್ಬಿ ಕಾರ್ಖಾನೆಯಿಂದ ನಮ್ಮ ವರ್ಷದ ಖಾತೆ ತರಿಸಿಕೊಂಡು ನಮ್ಮ ಕಂಪ್ಯೂಟರಿನ ಟ್ಯಾಲಿ ಲೆಕ್ಕದ ಜೊತೆ ಸಾಲು ಸಾಲಾಗಿ ಹೊಂದಿಸಿದೆ. 4200 ರೂಪಾಯಿ ವ್ಯತ್ಯಾಸ ಬಂತು. ಅವರ ಲೆಕ್ಕದಲ್ಲಿ ನಾವು ಅಷ್ಟು ಬಾಕಿ. ಹುಡುಕಿದರೆ ಅದು ಆಗಸ್ಟಿನ ಕತೆ. ಆ ತಿಂಗಳ ಒಂದು ಲೋಡಿನಲ್ಲಿ ಕೆಲವು ಕಟ್ಟು ಡಬ್ಬಿ ತೇವ ಎಳೆದುಕೊಂಡಿದ್ದವು. ಹೆಬ್ಬೆರಳಿಂದ ಮೂಲೆ ಒತ್ತಿದರೆ ನೆನೆದ ಹೊದಿಕೆಯಂತೆ ಒಳಗೆ ಹೋಗುತ್ತಿತ್ತು. ಗಟ್ಟಿ ಡಬ್ಬಿಯಲ್ಲಿ ಹಾಗೆ ಒತ್ತಿದರೆ ಅಲೆಅಲೆ ಪದರ ಚರ್ ಅಂತ ಎದುರು ನಿಲ್ಲುತ್ತದೆ, ಉಗುರಿನ ಗುರುತು ಬಿಟ್ಟರೆ ಮತ್ತೇನೂ ಆಗುವುದಿಲ್ಲ. 140 ಡಬ್ಬಿ ವಾಪಸ್ ಕಳಿಸಿದ್ದೆವು. ಅವರು ಒಪ್ಪಿಕೊಂಡು ಅಷ್ಟು ಹಣ ಕಳೆಯಲು ಕ್ರೆಡಿಟ್ ನೋಟ್ ಕೊಟ್ಟಿದ್ದರು, ಆದರೆ ಅವರ ಖಾತೆಗೆ ಅದು ಏರಿರಲಿಲ್ಲ. ಅದರ ಪ್ರತಿ ಕಳಿಸಿದ ಮೇಲೆ ಸರಿಯಾಯಿತು. ಇದನ್ನು ಮೊದಲೇ ಮಾಡಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ "ಎಲ್ಲಾ ಬಿಲ್ಲೂ ವಾಯಿದೆಯೊಳಗೆ ಕೊಟ್ಟಿದ್ದೇವೆ" ಅಂತ ನಾನು ಪತ್ರದಲ್ಲಿ ಬರೆದದ್ದನ್ನು ಓದುವಾಗ ಅವರ ಗುಮಾಸ್ತರ ಕಂಪ್ಯೂಟರಿನಲ್ಲಿ ನಾಲ್ಕು ತಿಂಗಳ ಹಳೇ ಬಾಕಿ ಕಾಣುತ್ತಿತ್ತು.

ಕೊಡುವುದು ಏನು ಅನ್ನುವ ಪ್ರಶ್ನೆ ಇನ್ನೂ ಇತ್ತು. ಒಮ್ಮೆ ಅವರ ಕಾರ್ಖಾನೆಗೆ ಹೋದಾಗ ಕಂಡದ್ದು ಇಲ್ಲಿ ಉಪಯೋಗಕ್ಕೆ ಬಂತು. ಡಬ್ಬಿಯ ಅಳತೆ ಬದಲಾದಾಗಲೆಲ್ಲ ಯಂತ್ರ ನಿಲ್ಲಿಸಿ, ಗೀರು ಹಾಕುವ ಚಕ್ರ ಸರಿಸಿ, ಕೊಯ್ಯುವ ಅಲಗು ಸರಿಸಿ, ಒಂದೆರಡು ಹಾಳೆ ಹಾಳುಮಾಡಿ ನೋಡಿ, ಆಮೇಲೆ ಮತ್ತೆ ಓಡಿಸುತ್ತಾರೆ. ನಮ್ಮ ಆರ್ಡರಿನಲ್ಲಿ ನಾಲ್ಕು ಅಳತೆಯ ಡಬ್ಬಿ ಇದ್ದವು. ಅವುಗಳಲ್ಲಿ ಎರಡಕ್ಕೆ ಒಂದಿಂಚು ಮಾತ್ರ ವ್ಯತ್ಯಾಸ. ರೊಟ್ಟಿಯ ಪ್ಯಾಕೆಟ್ ಜೋಡಿಸುವ ರೀತಿ ಸ್ವಲ್ಪ ಬದಲಿಸಿದರೆ ಎರಡೇ ಅಳತೆ ಸಾಕು ಅಂತ ನಮ್ಮ ಪ್ಯಾಕಿಂಗ್ ಮಾಡುವವರು ಎರಡು ದಿನ ಇಟ್ಟು ನೋಡಿ ಹೇಳಿದರು. ಡಬ್ಬಿಯವರಿಗೆ ಇದರಿಂದ ಯಂತ್ರ ನಿಲ್ಲುವುದು ಅರ್ಧಕ್ಕೆ ಇಳಿಯುತ್ತದೆ. ಇಂಥದ್ದು ಕೊಟ್ಟರೆ 30 ಪೈಸೆಯಲ್ಲಿ ಒಂದಿಷ್ಟು ಅಲ್ಲೇ ತೀರುತ್ತದೆ.

ಇನ್ನು ಕಾಲ. ಡಿಸೆಂಬರ್ ಅಂತ ಆರಿಸಿಕೊಂಡದ್ದು ಸುಮ್ನೆ ಅಲ್ಲ. ದೀಪಾವಳಿ ಮುಂದೆ ಅವರಿಗೆ ಸಿಹಿತಿಂಡಿಯವರ, ಬಟ್ಟೆಯವರ ಆರ್ಡರ್ ತುಂಬಿರುತ್ತದೆ. ಆಗ ಕೇಳಿದರೆ ಪತ್ರ ಓದುವುದಕ್ಕೂ ಪುರುಸೊತ್ತಿಲ್ಲ. ಮಾರ್ಚ್‌ನಲ್ಲಿ ಎಲ್ಲರೂ ವಸೂಲಿಗೆ ಇಳಿದಿರುತ್ತಾರೆ. ನಮ್ಮ ಕಡೆಯಿಂದ ನೋಡಿದರೂ ಫೆಬ್ರವರಿಯಲ್ಲಿ, ಜೋಳ ಕೊಳ್ಳಲು ಹಣ ಸಾಲದೆ ಬಿಲ್ಲು ಒಂದು ತಡವಾದ ಮೇಲೆ ಕೇಳಿದರೆ ಅದು ತೊಂದರೆಯಲ್ಲಿರುವವರ ಪತ್ರವಾಗುತ್ತದೆ. ಕೊನೆಯ ಬಿಲ್ಲನ್ನೂ ವಾಯಿದೆಗೆ ಮೊದಲೇ ತೀರಿಸಿ, ಆ ವಾರವೇ ಪತ್ರ ಕಳಿಸಿದೆ.

ಪತ್ರ ನಮ್ಮ ಘಟಕದ ಹೆಸರಿದ್ದ ಹಾಳೆಯ ಮೇಲೆ, ಕನ್ನಡದಲ್ಲೇ, ಒಂದು ಪುಟ. ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ಡಿಸೆಂಬರ್ 2023ರಿಂದ ನವೆಂಬರ್ 2024ರವರೆಗೆ ತಮ್ಮಿಂದ ನಾವು ಸುಮಾರು 7 ಲಕ್ಷ ರೂಪಾಯಿಯ ಡಬ್ಬಿ ಪಡೆದಿದ್ದೇವೆ. ಎಲ್ಲ ಬಿಲ್ಲುಗಳನ್ನೂ 15 ದಿನದೊಳಗೆ ತೀರಿಸಿದ್ದೇವೆ. ತಮ್ಮ ಖಾತೆ ಮತ್ತು ನಮ್ಮ ಖಾತೆ ತಾಳೆಯಾಗಿದ್ದು, ಇಂದಿಗೆ ಯಾವ ಬಾಕಿಯೂ ಇಲ್ಲ. ತಾಳೆಪಟ್ಟಿ ಜೊತೆಗಿದೆ.

"ಜನವರಿ 1, 2025ರಿಂದ ಬರುವ ಮಾಲಿಗೆ ವಾಯಿದೆಯನ್ನು ಮಾಲು ತಲುಪಿದ ದಿನದಿಂದ 45 ದಿನಕ್ಕೆ ಏರಿಸಬೇಕೆಂದು ಕೇಳಿಕೊಳ್ಳುತ್ತೇವೆ. ಸುಗ್ಗಿಯಲ್ಲಿ ಜೋಳ ಕೂಡಿಡಲು ಈ ಹಣ ಬಳಸುತ್ತೇವೆ. ಇದರಿಂದ ತಮ್ಮ 60 ಸಾವಿರ ರೂಪಾಯಿ ಹೆಚ್ಚಾಗಿ ನಮ್ಮಲ್ಲಿ ನಿಲ್ಲುತ್ತದೆ ಎಂಬುದು ನಮಗೆ ಗೊತ್ತಿದೆ. ಅದಕ್ಕೆ ನಮ್ಮ ಕಡೆಯಿಂದ ಹೀಗೆ ನಡೆದುಕೊಳ್ಳುತ್ತೇವೆ. ಪ್ರತಿ ತಿಂಗಳ 10 ಮತ್ತು 25ನೇ ತಾರೀಕು ಮಾತ್ರ ಹಣ ಹಾಕುತ್ತೇವೆ, ಮತ್ತು ಯಾವ ಬಿಲ್ಲೂ 45 ದಿನ ದಾಟದ ಹಾಗೆ ಅದಕ್ಕೆ ಮೊದಲಿನ ತಾರೀಕಿಗೇ ತೀರಿಸುತ್ತೇವೆ. ಒಟ್ಟು ಬಾಕಿ ಯಾವತ್ತೂ 1 ಲಕ್ಷ ಮೀರುವುದಿಲ್ಲ. ಮೀರುವ ಹಾಗಿದ್ದರೆ ಆ ಲೋಡಿಗೆ ಮುಂಗಡ ಕೊಡುತ್ತೇವೆ. ನಾಲ್ಕು ಅಳತೆಯ ಬದಲು ಎರಡೇ ಅಳತೆಯ ಡಬ್ಬಿ ತೆಗೆದುಕೊಳ್ಳುತ್ತೇವೆ. ಮೂರು ತಿಂಗಳಿಗೆ ಬೇಕಾದ ಡಬ್ಬಿಯ ಅಂದಾಜನ್ನು ಮೊದಲೇ ಬರೆದುಕೊಡುತ್ತೇವೆ.

"ಒಂದು ಕಂತು ತಪ್ಪಿದರೂ ಮುಂದಿನ ಮಾಲಿನಿಂದ ಮತ್ತೆ 15 ದಿನದ ವಾಯಿದೆಗೆ ಮರಳಲು ನಮ್ಮ ಒಪ್ಪಿಗೆ ಇದೆ. ಒಪ್ಪಿಗೆಯಾದರೆ ಈ ಪತ್ರದ ಪ್ರತಿಯ ಮೇಲೆ ಸಹಿ, ಮುದ್ರೆ ಹಾಕಿ ಕಳಿಸಿಕೊಡಬೇಕು."

10 ಮತ್ತು 25 ಯಾಕೆ ಅಂದರೆ, ಬಿಲ್ಲಿಗೊಂದು ದಿನ ಅಂತ ಎಣಿಸುತ್ತಾ ಕೂತರೆ ಒಂದಲ್ಲ ಒಂದು ಜಾರುತ್ತದೆ. ಜನವರಿ 1ರ ಲೋಡಿಗೆ 45ನೇ ದಿನ ಫೆಬ್ರವರಿ 15, ಅದನ್ನು 10ಕ್ಕೆ ಕೊಡಬೇಕು. ಜನವರಿ 16ರದಕ್ಕೆ ಮಾರ್ಚ್ 2, ಅದು ಫೆಬ್ರವರಿ 25ಕ್ಕೆ ಹೋಗುತ್ತದೆ. ನಿಜವಾಗಿ ನನಗೆ ಸಿಗುವುದು 40 ದಿನದ ಆಸುಪಾಸು. ಅಷ್ಟು ಬಿಟ್ಟುಕೊಡುವುದು ನನಗೆ ಕಷ್ಟವಲ್ಲ. ಅವರಿಗೆ ಮಾತ್ರ, ಇಂಥ ದಿನ ಹಣ ಬರುತ್ತದೆ ಅಂತ ಗೊತ್ತಾದರೆ ಕಾಗದದ ಮಿಲ್ಲಿಗೆ ಇಂಥ ದಿನ ಕೊಡುತ್ತೇನೆ ಅಂತ ಹೇಳಬಹುದು.

ಪತ್ರದ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಅಸಲಿಯನ್ನು ಡಬ್ಬಿ ಇಳಿಸಲು ಬಂದ ಗಾಡಿಯವನ ಕೈಯಲ್ಲಿ ಕೊಟ್ಟೆ. ಮೂರನೇ ದಿನ ಮಾಲೀಕರ ಫೋನ್ ಬಂತು.

"ಅಕ್ಕಾರ, ಪತ್ರ ಓದೇನ್ರಿ. ಚಲೋ ಬರದೀರಿ. ಆದ್ರ ಕಾಗದದ ಮಿಲ್ಲಿನವರು ನನಗ ಒಂದು ವಾರನೂ ಬಿಡಂಗಿಲ್ಲ. ನೀವು ಒಮ್ಮೆಲೇ ತಿಂಗಳು ಕೇಳೀರಿ."

"ಹೌದ್ರಿ ಅಣ್ಣಾರ, ಗೊತ್ತೈತಿ. ಅದಕ್ಕ ಲೆಕ್ಕ ಬರದು ಕಳಿಸೇನಿ," ಅಂದೆ.

ಅವರ ಕಷ್ಟ ನಿಜವೇ. ಡಬ್ಬಿಯ ಖರ್ಚಿನಲ್ಲಿ ದೊಡ್ಡ ಪಾಲು ಕ್ರಾಫ್ಟ್ ಕಾಗದದ್ದು. ಅದನ್ನು ಕೊಡುವ ಮಿಲ್ಲುಗಳು ದೊಡ್ಡವು, ಸಣ್ಣ ಡಬ್ಬಿ ಕಾರ್ಖಾನೆಯ ಮಾತು ಅಲ್ಲಿ ನಡೆಯುವುದಿಲ್ಲ. ಆ ಕಡೆ ಕೈಮೇಲೆ ರೊಕ್ಕ, ಈ ಕಡೆ ನಮ್ಮಂಥವರಿಂದ ಉದ್ರಿ. ನಡುವೆ ಸಿಕ್ಕವರು ಅವರು.

ಅವರು ಎರಡು ದಾರಿ ಹೇಳಿದರು. ಈಗ 30 ದಿನ, ಏಪ್ರಿಲ್‌ನಿಂದ 45 ದಿನ, ದರ ಹಾಗೇ. ಇಲ್ಲವೇ ಈಗಲೇ 45 ದಿನ, ಆದರೆ ಡಬ್ಬಿಗೆ 25 ಪೈಸೆ ಜಾಸ್ತಿ. ಭದ್ರತೆಗೆ ತಾರೀಕು ಹಾಕದೆ ಸಹಿ ಮಾಡಿದ ಒಂದು ಚೆಕ್ ಕೊಡಿ ಅಂತಲೂ ಕೇಳಿದರು.

ಚೆಕ್ಕಿಗೆ ಆಗುವುದಿಲ್ಲ ಅಂದೆ. ಇಂಥ ಚೆಕ್ ಯಾರ ಕೈಗೋ ಹೋಗಿ ಬೌನ್ಸ್ ಆದರೆ ಅದು 138ನೇ ಕಲಮಿನ ಚೆಕ್ ಬೌನ್ಸ್ ಕೇಸು, ಕೋರ್ಟಿಗೆ ಓಡಾಡಬೇಕು. ಅವರ ಮೇಲೆ ಅಪನಂಬಿಕೆ ಇರಲಿಲ್ಲ. ನಾಳೆ ಅವರ ಕಪಾಟಿನಿಂದ ಯಾರು ತೆಗೆಯುತ್ತಾರೋ ಯಾರಿಗೆ ಗೊತ್ತು. 1 ಲಕ್ಷದ ಮಿತಿ ಇದೆ, ಕಂತು ತಪ್ಪಿದರೆ 15 ದಿನಕ್ಕೆ ಮರಳುವ ಮಾತಿದೆ, ಅದನ್ನೇ ಭದ್ರತೆ ಅಂತ ಇಟ್ಟುಕೊಳ್ಳಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಅದಕ್ಕೆ ಬದಲಾಗಿ ಇನ್ನೊಂದು ಕೇಳಿದರು. ನಮ್ಮ ಹೆಸರು ಅಚ್ಚಾದ ಡಬ್ಬಿಗಳನ್ನು ನಮ್ಮ ಅಂದಾಜು ನಂಬಿ ಮೊದಲೇ ಮಾಡಿಟ್ಟರೆ, ನಾವು ಒಂದು ತಿಂಗಳೊಳಗೆ ಎತ್ತಲೇಬೇಕು. ಅಚ್ಚು ಬಿದ್ದ ಡಬ್ಬಿ ಬೇರೆ ಯಾರಿಗೂ ಬೇಡ, ರದ್ದಿಗೇ ಹೋಗಬೇಕು. ಇದು ಸರಿಯಾದ ಮಾತು. ಒಪ್ಪಿದೆ, ಆದರೆ ಅಂದಾಜಿನ ಹತ್ತರಲ್ಲಿ ಎಂಟು ಪಾಲಿಗೆ ಮಾತ್ರ ಅಂತ ಸೇರಿಸಿದೆ.

ಇನ್ನು 25 ಪೈಸೆ. 2000 ಡಬ್ಬಿಗೆ ತಿಂಗಳಿಗೆ 500 ರೂಪಾಯಿ. ಅದೇ 60 ಸಾವಿರವನ್ನು ಬ್ಯಾಂಕಿನ ನಮ್ಮ ಕ್ಯಾಶ್ ಕ್ರೆಡಿಟ್ ಸಾಲದ ಖಾತೆಯಿಂದ, ಅಂದರೆ ಸಿಸಿಯಿಂದ, ನೂರಕ್ಕೆ 11ರ ಬಡ್ಡಿಗೆ ತೆಗೆದರೆ ತಿಂಗಳಿಗೆ 550. ಹತ್ತಿರ ಹತ್ತಿರ ಒಂದೇ. ಆದರೆ ನಮ್ಮ ಸಿಸಿ ಮಿತಿ ಸುಗ್ಗಿಯ ಹೊತ್ತಿಗೆ ತುಂಬಿರುತ್ತದೆ, ಅಲ್ಲಿ ಆ ಹಣ ಸಿಗುವುದೇ ಇಲ್ಲ. ಇನ್ನೊಂದು ಕಡೆ, 60 ಸಾವಿರಕ್ಕೆ ಕ್ವಿಂಟಾಲಿಗೆ 4000ದಂತೆ 15 ಕ್ವಿಂಟಾಲ್ ಜೋಳ. ಕ್ವಿಂಟಾಲಿಗೆ 300 ಉಳಿದರೂ 4500 ರೂಪಾಯಿ. ನಾಲ್ಕೈದು ತಿಂಗಳು 500 ಕೊಟ್ಟರೂ ನಷ್ಟವಿಲ್ಲ. 30 ದಿನದ ದಾರಿ ಹಿಡಿದರೆ ದರ ಏರುವುದಿಲ್ಲ ನಿಜ, ಆದರೆ ಸುಗ್ಗಿಗೆ ಸಿಗುವ ಹಣ ಅರ್ಧವಾಗುತ್ತದೆ. ಉಳಿದರ್ಧ ಏಪ್ರಿಲ್ ಮೇಲೆ ಬರುತ್ತದೆ, ಆಗ ಒಳ್ಳೆಯ ಜೋಳ ಬೇರೆಯವರ ಗೋದಾಮು ಸೇರಿರುತ್ತದೆ. 25 ಪೈಸೆಯ ದಾರಿಯನ್ನೇ ಹಿಡಿದೆ. ಮಾರ್ಚ್ ಮುಗಿದ ಮೇಲೆ ದರ ಮತ್ತೆ ಮಾತಾಡೋಣ ಅಂತ ಇಬ್ಬರೂ ಒಪ್ಪಿದೆವು.

"ಆತು ಬಿಡ್ರಿ ಅಕ್ಕಾರ, ಮಾತಂದ್ರ ಮಾತು, ಮತ್ತ ಸಹಿ ಎದಕ?" ಅಂದರು. ಅವರ ಮಾತಿಗೆ ಬೆಲೆ ಇದೆ. ಆದರೆ ಇಲ್ಲಿ ಸಹಿ ಬೇಕಾದ್ದು ನಂಬಿಕೆಗಲ್ಲ. ಬರಹ ಇಲ್ಲದಿದ್ದರೆ ಕಾಯ್ದೆಯ ಕಣ್ಣಿಗೆ ನಮ್ಮ ವಾಯಿದೆ 15 ದಿನವೇ. ಆಗ ಅವರೇ ಒಪ್ಪಿ ಕೊಟ್ಟ 45 ದಿನವೂ ನನ್ನ ತೆರಿಗೆ ಲೆಕ್ಕದಲ್ಲಿ ತಡ ಅಂತಾಗುತ್ತದೆ. ಇದನ್ನು ಬಿಡಿಸಿ ಹೇಳಿದ ಮೇಲೆ ಅವರಿಗೂ ಸರಿ ಅನ್ನಿಸಿತು. ಹೊಸ ದರ, ಡಬ್ಬಿ ಎತ್ತುವ ಷರತ್ತು ಎರಡನ್ನೂ ಸೇರಿಸಿ ಪತ್ರವನ್ನು ಮತ್ತೆ ಅಚ್ಚು ಹಾಕಿಸಿ ಕಳಿಸಿದೆ. ಸಹಿ, ಮುದ್ರೆ, ತಾರೀಕು ಹಾಕಿದ ಪ್ರತಿ ಡಿಸೆಂಬರ್ ಮುಗಿಯುವ ಮೊದಲೇ ವಾಪಸ್ ಬಂತು.

ಜನವರಿಯ ಮೊದಲ ಬಿಲ್ಲಿನ ಕೆಳಗೆ ಮಾತ್ರ "ವಾಯಿದೆ 15 ದಿನ" ಅಂತಲೇ ಅಚ್ಚಾಗಿತ್ತು. ಅವರ ಟ್ಯಾಲಿಯಲ್ಲಿ ನಮ್ಮ ಖಾತೆಗೆ ಹಳೇ ದಿನವೇ ಕೂತಿತ್ತು. ಚಿಕ್ಕ ವಿಷಯ ಅಂತ ಬಿಡಬಾರದು. ಸಹಿಯಾದ ಪತ್ರ ಒಂದು ಹೇಳಿ ಬಿಲ್ಲು ಇನ್ನೊಂದು ಹೇಳಿದರೆ ಆಡಿಟ್ ವೇಳೆಗೆ ಉತ್ತರ ಕೊಡಬೇಕಾದವರು ನಾವು. ಗುಮಾಸ್ತರಿಗೆ ಫೋನ್ ಮಾಡಿ ಸರಿಮಾಡಿಸಿದೆ. 16ರ ಬಿಲ್ಲಿನಿಂದ 45 ಅಂತ ಬಂತು.

ಫೆಬ್ರವರಿ 10ರವರೆಗೆ ಡಬ್ಬಿಗೆ ಒಂದು ರೂಪಾಯಿಯೂ ಹೋಗಲಿಲ್ಲ. ಆ 60 ಸಾವಿರ ಹಾಗೇ ಉಳಿದು, ರಾಶಿ ಶುರುವಾದಾಗ ಜೋಳಕ್ಕೆ ಹೋಯಿತು. ನಮ್ಮ ಬಾಕಿ ಹೆಚ್ಚೆಂದರೆ ಮೂರು ಬಿಲ್ಲು, 90 ಸಾವಿರದ ಹತ್ತಿರ ಮುಟ್ಟಿತು. ಮಾರ್ಚ್ 25ರ ಕಂತಿನಲ್ಲಿ ಫೆಬ್ರವರಿ 16ರ ಬಿಲ್ಲೂ ತೀರಿತು, ಹಾಗಾಗಿ 31ಕ್ಕೆ ವಾಯಿದೆ ಮೀರಿದ್ದು ಯಾವುದೂ ಇರಲಿಲ್ಲ. ಏಪ್ರಿಲ್‌ನಲ್ಲಿ ದರದ ಮಾತು ತೆಗೆದೆ. ಕಾಗದ ತುಟ್ಟಿಯಾಗಿದೆ, 25 ಪೈಸೆ ಇರಲಿ ಅಂದರು. ನಾನೂ ಹಟ ಹಿಡಿಯಲಿಲ್ಲ, ಬ್ಯಾಂಕಿಗಿಂತ ಅದು ಇನ್ನೂ ಅಗ್ಗವೇ. ಮುಂದಿನ ಮೂರು ತಿಂಗಳ ಡಬ್ಬಿಯ ಅಂದಾಜನ್ನು ಅವತ್ತೇ ಬರೆಸಿಕೊಂಡು ಹೋಗಲು ಅವರು ಮಗನನ್ನು ಕಳಿಸಿದ್ದರು.